ಮನೆಯ ಇಂಗಾಲದ ಲೆಕ್ಕ: ರೂಪಾಯಿ, ಸಿದ್ಧ ಕ್ಯಾಲ್ಕುಲೇಟರ್, ಯೂನಿಟ್

ಮಗಳ ಕಾಲೇಜಿನ ಪ್ರಾಜೆಕ್ಟಿಗಾಗಿ ಮೈಸೂರಿನ ನಮ್ಮ ನಾಲ್ವರ ಮನೆಯ ಇಂಗಾಲದ ಹೆಜ್ಜೆಗುರುತನ್ನು ಮೂರು ವಿಧಾನಗಳಲ್ಲಿ ಲೆಕ್ಕಹಾಕಿ ನೋಡಿದೆವು. ಖರ್ಚಿನ ರೂಪಾಯಿಯಿಂದ ಅಂದಾಜು ಮಾಡುವುದು ಮೊದಲನೆಯದು, ಬ್ರಿಟನ್ನಿನ ಅಂಕಿಗಳನ್ನು ಆಧರಿಸಿದ ಸಿದ್ಧ ಕ್ಯಾಲ್ಕುಲೇಟರ್ ಎರಡನೆಯದು, ಬಳಸಿದ ಯೂನಿಟ್, ಕಿಲೋ ಮತ್ತು ಲೀಟರುಗಳನ್ನು ಭಾರತದ ಸ್ಥಿತಿಗೆ ಹೊಂದುವ ಗುಣಾಂಕಗಳಿಂದ ಗುಣಿಸಿ ನಾವೇ ತಯಾರಿಸಿದ ಸ್ಪ್ರೆಡ್‌ಶೀಟ್ ಮೂರನೆಯದು.

ರೂಪಾಯಿಯ ದಾರಿ ಕರ್ನಾಟಕದಲ್ಲಿ ಹೆಚ್ಚು ದೂರ ಹೋಗುವುದಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ನಮ್ಮ ವಿದ್ಯುತ್ ಬಿಲ್ಲಿನ ಮೊತ್ತ ಸೊನ್ನೆಯಾಗಿದೆ. ಅದೇ ವರ್ಷದ ಶಕ್ತಿ ಯೋಜನೆಯಿಂದ ಮನೆಯ ಹೆಂಗಸರ ಬಸ್ ಟಿಕೆಟ್ಟಿನ ಮೊತ್ತವೂ ಸೊನ್ನೆ. ಹಣವನ್ನು ಮಾತ್ರ ಕೇಳುವ ಲೆಕ್ಕದಲ್ಲಿ ಈ ಎರಡೂ ಬಾಬ್ತುಗಳು ಮಾಯವಾಗುತ್ತವೆ. ಆದರೆ ಅದೇ ಸೊನ್ನೆ ಬಿಲ್ಲಿನಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಮತ್ತು ಬಳಕೆಯ ಯೂನಿಟ್ ಅಚ್ಚಾಗಿಯೇ ಇರುತ್ತವೆ. ಲೆಕ್ಕಕ್ಕೆ ಬೇಕಾದುದು ಅವೇ. ರೀಡಿಂಗ್ ತೆಗೆದುಕೊಳ್ಳುವ ಅಂತರ ಪ್ರತಿ ತಿಂಗಳೂ ಸರಿಯಾಗಿ 30 ದಿನ ಇರುವುದಿಲ್ಲವಾದ್ದರಿಂದ, ಒಂದು ಬಿಲ್ಲನ್ನು ನಂಬುವ ಬದಲು ವರ್ಷದ ಬಿಲ್ಲುಗಳನ್ನು ಕೂಡಿ ಸರಾಸರಿ ತೆಗೆಯುವುದು ಒಳ್ಳೆಯದು. ನಮ್ಮ ಸರಾಸರಿ ತಿಂಗಳಿಗೆ 120 ಯೂನಿಟ್ ಬಂದಿತು.

ಉಳಿದ ಎರಡು ವಿಧಾನಗಳ ಹೋಲಿಕೆಯೇ ನಿಜವಾಗಿ ಕುತೂಹಲಕರವಾದುದು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು 2023-24ಕ್ಕೆ ಕೊಟ್ಟಿರುವ ಅಖಿಲ ಭಾರತ ಸರಾಸರಿಯ ಪ್ರಕಾರ ಒಂದು ಯೂನಿಟ್ಟಿಗೆ 0.727 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಮ್ಮ ಗ್ರಿಡ್ ಬಹುಮಟ್ಟಿಗೆ ಕಲ್ಲಿದ್ದಲನ್ನು ನೆಚ್ಚಿಕೊಂಡಿದೆ. ಕಲ್ಲಿದ್ದಲನ್ನು ಬಹುತೇಕ ಕೈಬಿಟ್ಟಿರುವ ಬ್ರಿಟನ್ನಿನಲ್ಲಿ ಇದೇ ಗುಣಾಂಕ ಸುಮಾರು 0.2. ಹೀಗಾಗಿ ನಮ್ಮ 120 ಯೂನಿಟ್ಟಿಗೆ ಸ್ಪ್ರೆಡ್‌ಶೀಟ್ 87 ಕಿಲೋ ತೋರಿಸಿದರೆ, ಕ್ಯಾಲ್ಕುಲೇಟರ್ ಕೇವಲ 24 ಕಿಲೋ ತೋರಿಸಿತು.

ಸ್ಕೂಟರಿನ ವಿಷಯದಲ್ಲಿ ತಪ್ಪು ತಿರುಗುಮುರುಗಾಯಿತು. ಕ್ಯಾಲ್ಕುಲೇಟರಿನ ಸರಾಸರಿ ಬೈಕ್ ಕಿಲೋಮೀಟರಿಗೆ ಸುಮಾರು 0.11 ಕಿಲೋ ಹೊರಸೂಸುತ್ತದೆ, ಏಕೆಂದರೆ ಅದು ಅಲ್ಲಿನ ದೊಡ್ಡ ಎಂಜಿನ್ನುಗಳನ್ನೂ ಸೇರಿಸಿಕೊಂಡ ಸರಾಸರಿ. ತಿಂಗಳಿಗೆ 900 ಕಿಲೋಮೀಟರಿಗೆ ಅದು 99 ಕಿಲೋ ಎಂದಿತು. ಲೀಟರಿಗೆ 45 ಕಿಲೋಮೀಟರ್ ಕೊಡುವ ನಮ್ಮ ಗಾಡಿಗೆ ಅಷ್ಟು ಓಡಲು ಬೇಕಾಗುವುದು 20 ಲೀಟರ್ ಮಾತ್ರ. ಶುದ್ಧ ಪೆಟ್ರೋಲ್ ಲೀಟರಿಗೆ ಸುಮಾರು 2.27 ಕಿಲೋ ಕೊಡುತ್ತದೆ; ಈಗ ಬಂಕಿನಲ್ಲಿ ಸಿಗುವ ಇ20ಯಲ್ಲಿ ಐದನೇ ಒಂದು ಭಾಗ ಎಥನಾಲ್. ಎಥನಾಲ್‌ನಿಂದ ಬರುವ ಇಂಗಾಲವನ್ನು ಜೈವಿಕವೆಂದು ಬೇರೆಯಾಗಿ ಬರೆಯುವುದು ರೂಢಿಯಾದ್ದರಿಂದ, ಲೆಕ್ಕಕ್ಕೆ ಹಿಡಿಯಬೇಕಾದುದು 16 ಲೀಟರಿನ 36 ಕಿಲೋ.

ಈಗ ಎರಡೂ ಬಾಬ್ತುಗಳನ್ನು ಕೂಡಿ ನೋಡಿ: 87 ಮತ್ತು 36 ಸೇರಿ 123, 24 ಮತ್ತು 99 ಸೇರಿದರೂ 123! ಇದು ಕಾಕತಾಳೀಯವೇ ಸರಿ, ಆದರೆ ಒಟ್ಟು ಮೊತ್ತವನ್ನಷ್ಟೇ ಹೋಲಿಸಿದವರು ಕ್ಯಾಲ್ಕುಲೇಟರ್ ನಿಖರವಾಗಿದೆಯೆಂದು ನಂಬಿಬಿಡುತ್ತಾರೆ. ಯಾವುದನ್ನು ಮೊದಲು ತಗ್ಗಿಸಬೇಕು ಎಂಬ ಪ್ರಾಜೆಕ್ಟಿನ ಪ್ರಶ್ನೆಗೆ ಅದು ಸ್ಕೂಟರನ್ನು ತೋರಿಸುತ್ತದೆ. ನಿಜದಲ್ಲಿ ಕೈಹಾಕಬೇಕಾದುದು ಗೀಸರಿನ ಸ್ವಿಚ್ಚಿಗೆ. ಯಾವುದೇ ಸಿದ್ಧ ಸಾಧನವನ್ನು ಪರೀಕ್ಷಿಸಲು ಸುಲಭದ ಉಪಾಯವೊಂದಿದೆ: ಉಳಿದೆಲ್ಲವನ್ನೂ ಸೊನ್ನೆಯಾಗಿಟ್ಟು 100 ಯೂನಿಟ್ ವಿದ್ಯುತ್ತನ್ನು ಮಾತ್ರ ತುಂಬಿ, ಬಂದ ಉತ್ತರ 70 ಕಿಲೋದ ಆಸುಪಾಸಿನಲ್ಲಿ ಇಲ್ಲದಿದ್ದರೆ ಅದರ ಗ್ರಿಡ್ ನಮ್ಮದಲ್ಲ.

ಅಡುಗೆ ಅನಿಲದಲ್ಲಿ ಗುಣಾಂಕದ ತಕರಾರಿಲ್ಲ, ಏಕೆಂದರೆ ಎಲ್‌ಪಿಜಿ ಎಲ್ಲಿ ಉರಿದರೂ ಕಿಲೋಗೆ ಸುಮಾರು 2.98 ಕಿಲೋ ಕೊಡುತ್ತದೆ, 14.2 ಕಿಲೋದ ಸಿಲಿಂಡರಿಗೆ 42 ಕಿಲೋ. ತೊಡಕಿರುವುದು ದಿನಗಳಲ್ಲಿ. ಬುಕಿಂಗ್ ದಿನಾಂಕ ಹಿಡಿದರೆ ಮೂಲೆಯಲ್ಲಿ ಕೂತಿರುವ ತುಂಬಿದ ಸಿಲಿಂಡರೂ ಲೆಕ್ಕಕ್ಕೆ ಬಂದುಬಿಡುತ್ತದೆ. ಆದ್ದರಿಂದ ರೆಗ್ಯುಲೇಟರ್ ಬದಲಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ನಮ್ಮಲ್ಲಿ ಒಂದು ಸಿಲಿಂಡರ್ 40 ದಿನ ಬರುತ್ತದೆ, ಅಂದರೆ ತಿಂಗಳಿಗೆ ಸುಮಾರು 32 ಕಿಲೋ.

ಅಷ್ಟಾಗಿಯೂ ನಮ್ಮ ಸ್ಪ್ರೆಡ್‌ಶೀಟಿನಲ್ಲಿ ಎರಡು ಸಡಿಲ ಜಾಗಗಳಿವೆ. 0.727 ಎಂಬುದು ವಿದ್ಯುತ್ ಕೇಂದ್ರದಿಂದ ಹೊರಟ ಯೂನಿಟ್ಟಿನ ಲೆಕ್ಕ; ತಂತಿಯಲ್ಲಿ ಸೋರಿಹೋದುದು ಅದರಲ್ಲಿಲ್ಲ. ನಷ್ಟ ಶೇಕಡಾ 15 ಎಂದು ಹಿಡಿದರೆ ನಮ್ಮ 87 ಕಿಲೋ 103ಕ್ಕೆ ಏರುತ್ತದೆ, ಇದನ್ನು ಬೇರೆ ಸಾಲಿನಲ್ಲಿ ಬರೆದೆವು. ಬಸ್ಸಿಗೆ ಪ್ರಯಾಣಿಕರೊಬ್ಬರಿಗೆ ಕಿಲೋಮೀಟರಿಗೆ ಸುಮಾರು 15 ಗ್ರಾಂ ಎಂದು ಹಿಡಿದು 600 ಕಿಲೋಮೀಟರಿಗೆ 9 ಕಿಲೋ ಬರೆದೆವಾದರೂ, ಬಸ್ಸು ತುಂಬಿದ್ದರೆ ಆ ಅಂಕಿ ಇಳಿಯುತ್ತದೆ, ಖಾಲಿ ಓಡಿದರೆ ಏರುತ್ತದೆ. ಒಟ್ಟಿನಲ್ಲಿ ಅದರ ಪಾಲು ಅಷ್ಟು ಸಣ್ಣದಾದ್ದರಿಂದ, ಅದು ಇಮ್ಮಡಿಯಾದರೂ ಬಾಬ್ತುಗಳ ಕ್ರಮಾಂಕ ಬದಲಾಗುವುದಿಲ್ಲ.