ನೆಲ್ಲಿಕಾಯಿ, ಕಿತ್ತಳೆ, ನಿಂಬೆ: ಅಯೋಡಿನ್ ಹಾಕಿ ಅಳೆದು ನೋಡಿದೆ

ಒಂದು ನೆಲ್ಲಿಕಾಯಿ ಇಪ್ಪತ್ತು ಕಿತ್ತಳೆಗೆ ಸಮ ಅನ್ನೋ ಮಾತನ್ನು ನೀವೂ ಕೇಳಿರ್ತೀರಿ. ಈ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕಿದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಎರಡು ಪಟ್ಟಿಗಳು ಸಿಗುತ್ತವೆ. ಹಳೆಯದರಲ್ಲಿ 100 ಗ್ರಾಂ ನೆಲ್ಲಿಕಾಯಿಗೆ 600 ಮಿ.ಗ್ರಾಂ ವಿಟಮಿನ್ ಸಿ. 2017ರ ಪಟ್ಟಿಯಲ್ಲಿ ಅದೇ ಕಾಯಿಗೆ ಸುಮಾರು 252. ಅರ್ಧಕ್ಕಿಂತಲೂ ಕಮ್ಮಿ! ತಳಿ, ಮಣ್ಣು, ಕಾಯಿ ಎಷ್ಟು ಬಲಿತಿದೆ ಅನ್ನೋದರ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗೋದು ಸರಿ. ಆದರೆ ಇಷ್ಟು ವ್ಯತ್ಯಾಸಕ್ಕೆ ಅಳೆಯುವ ವಿಧಾನವೂ ಕಾರಣ ಇರಬಹುದು ಅನ್ನಿಸಿ, ನಾನೇ ಅಳೆದು ನೋಡೋಣ ಅಂತ ಕೂತೆ.

ವಿಧಾನ ಸುಲಭ. ವಿಟಮಿನ್ ಸಿ ಅಯೋಡಿನ್‌ನ ಬಣ್ಣ ತೆಗೆಯುತ್ತದೆ. ರಸಕ್ಕೆ ಬೇಯಿಸಿ ಆರಿಸಿದ ಕಾರ್ನ್‌ಫ್ಲೋರ್ ಗಂಜಿ ಒಂದು ಚಮಚ ಸೇರಿಸಿ, ಸಿರಿಂಜಿನಿಂದ ಅಯೋಡಿನ್ ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ವಿಟಮಿನ್ ಸಿ ಇರುವ ತನಕ ನೀಲಿ ನಿಲ್ಲಲ್ಲ. ಅದು ಮುಗಿದ ಮೇಲೆ ಬಿದ್ದ ಹನಿ ಗಂಜಿಯ ಜೊತೆ ಸೇರಿ ನೀಲಿ ಆಗುತ್ತದೆ. ಅಲ್ಲಿಗೆ ನಿಲ್ಲಿಸಿ, ಎಷ್ಟು ಅಯೋಡಿನ್ ಹೋಯಿತು ಅಂತ ನೋಡೋದು. ಗಾಯಕ್ಕೆ ಹಚ್ಚುವ 5% ಪೊವಿಡೋನ್ ಅಯೋಡಿನ್ ದ್ರಾವಣ ತಗೊಂಡು, ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದೆ. ಮೊದಲು 500 ಮಿ.ಗ್ರಾಂನ ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಅದರ 10 ಮಿ.ಲೀ. ಅಳೆದೆ. 14.5 ಮಿ.ಲೀ. ಅಯೋಡಿನ್ ಹಿಡಿಯಿತು. ಅಂದರೆ ಒಂದು ಮಿ.ಲೀ. ಅಯೋಡಿನ್‌ಗೆ 0.69 ಮಿ.ಗ್ರಾಂ ವಿಟಮಿನ್ ಸಿ. ಈ ಮಾತ್ರೆಯ ಹೆಜ್ಜೆ ಬಿಡಬೇಡಿ, ಅದಿಲ್ಲದಿದ್ದರೆ ಮುಂದಿನ ಯಾವ ಅಂಕಿಗೂ ಅರ್ಥ ಇರಲ್ಲ.

ಆಗಷ್ಟೇ ಹಿಂಡಿದ ಕಿತ್ತಳೆ ರಸ 10 ಮಿ.ಲೀ.ಗೆ 7 ಮಿ.ಲೀ. ಅಯೋಡಿನ್ ಬೇಕಾಯಿತು. 100 ಮಿ.ಲೀ. ರಸಕ್ಕೆ ಲೆಕ್ಕ ಹಾಕಿದರೆ 48 ಮಿ.ಗ್ರಾಂ. ನಿಂಬೆಗೆ 5.5, ಅಂದರೆ 38 ಮಿ.ಗ್ರಾಂ. ಹುಳಿ ಜಾಸ್ತಿ ಇದ್ದರೆ ವಿಟಮಿನ್ ಸಿ ಜಾಸ್ತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅದು ಸರಿಯಲ್ಲ. ನಿಂಬೆಯ ಹುಳಿ ಸಿಟ್ರಿಕ್ ಆಮ್ಲದ್ದು. ಎರಡರಲ್ಲೂ ನೀಲಿ ಬಂದ ಮೇಲೆ ಗಟ್ಟಿಯಾಗಿ ನಿಂತಿತು.

ನೆಲ್ಲಿಕಾಯಿಯದ್ದೇ ಬೇರೆ ಕತೆ. ಬೀಜ ತೆಗೆದ 20 ಗ್ರಾಂ ತಿರುಳು ರುಬ್ಬಿ, ನೀರು ಸೇರಿಸಿ 200 ಮಿ.ಲೀ. ಮಾಡಿ ಸೋಸಿಕೊಂಡೆ, ಹಾಗಾಗಿ 10 ಮಿ.ಲೀ.ನಲ್ಲಿ ಒಂದು ಗ್ರಾಂ ಕಾಯಿಯ ಸತ್ವ. ಸುಮಾರು 4 ಮಿ.ಲೀ. ಅಯೋಡಿನ್ ಹೋಗುವಷ್ಟರಲ್ಲಿ ನೀಲಿ ಕಾಣಿಸಿತು. ಮುಗೀತು ಅಂತ ಸಿರಿಂಜ್ ಕೆಳಗಿಟ್ಟೆ. ಹತ್ತು ಸೆಕೆಂಡಿನಲ್ಲಿ ನೀಲಿ ಮಾಯ. ಮತ್ತೆ ಎರಡು ಹನಿ, ಮತ್ತೆ ನೀಲಿ, ಮತ್ತೆ ಮಾಯ. ಹೀಗೇ ಹೋಗಿ ಹೋಗಿ 6.6ಕ್ಕೆ ಅರ್ಧ ನಿಮಿಷ ನಿಲ್ಲುವ ನೀಲಿ ಬಂತು. ಲೆಕ್ಕಕ್ಕೆ 100 ಗ್ರಾಂಗೆ 455 ಮಿ.ಗ್ರಾಂ.

ಈ ಮಾಯವಾಗುವ ನೀಲಿಯೇ ಸುಳಿವು. ವಿಟಮಿನ್ ಸಿ ಅಯೋಡಿನ್ ಜೊತೆ ಕ್ಷಣದಲ್ಲಿ ಕೆಲಸ ಮುಗಿಸುತ್ತದೆ. ನಿಧಾನವಾಗಿ ಅಯೋಡಿನ್ ತಿನ್ನುತ್ತಾ ಹೋಗೋದು ಬೇರೇನೋ. ಅದು ಏನು ಅಂತ ನೆಲ್ಲಿಕಾಯಿ ಕಚ್ಚಿದವರ ನಾಲಿಗೆಗೆ ಗೊತ್ತು: ಒಗರು, ಅಂದರೆ ಟ್ಯಾನಿನ್. ಖಾತ್ರಿಗೆ ಹಾಲು ಸಕ್ಕರೆ ಹಾಕದ ತೆಳು ಟೀ ಡಿಕಾಕ್ಷನ್‌ಗೂ ಇದೇ ಅಯೋಡಿನ್ ಬಿಟ್ಟೆ. ಅದರಲ್ಲಿ ವಿಟಮಿನ್ ಸಿ ಇಲ್ಲ ಅಂತಲೇ ಹೇಳಬಹುದು, ಆದರೂ ಅಯೋಡಿನ್ ಕುಡಿಯಿತು, ನೀಲಿ ಅದೇ ರೀತಿ ಮಸುಕಾಯಿತು. ಬಣ್ಣ ನೋಡಿ ಅಳೆಯುವ ಪರೀಕ್ಷೆಗಳೆಲ್ಲ ಒಗರನ್ನೂ ವಿಟಮಿನ್ ಸಿ ಅಂತಲೇ ಎಣಿಸುವ ಅಪಾಯ ಇಲ್ಲಿದೆ.

ಹಾಗಾದರೆ ಒಗರನ್ನು ತೆಗೆದು ಅಳೆಯಬೇಕು, ಅಲ್ವಾ? ಟ್ಯಾನಿನ್ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ನಾಲಿಗೆ ಒರಟಾದ ಹಾಗೆ ಅನ್ನಿಸೋದೂ ಅದಕ್ಕೇ. ರುಚಿ ಬಣ್ಣ ಇಲ್ಲದ ಜೆಲಾಟಿನ್ ಪುಡಿ ಅರ್ಧ ಚಮಚ 10 ಮಿ.ಲೀ. ಬಿಸಿ ನೀರಿನಲ್ಲಿ ಕರಗಿಸಿ, ಆರಿಸಿ, 100 ಮಿ.ಲೀ. ನೆಲ್ಲಿ ರಸಕ್ಕೆ ಹಾಕಿದೆ. ನೋಡನೋಡುತ್ತಲೇ ಬೆಳ್ಳಗೆ ಒಡೆದು ತಳ ಸೇರಿತು. ಕಾಫಿ ಸೋಸುವ ಕಾಗದದಲ್ಲಿ ಸೋಸಿ ಅಳೆದು, ಸೇರಿಸಿದ ನೀರಿನ ಲೆಕ್ಕ ಸರಿ ಮಾಡಿದರೆ 4.6 ಮಿ.ಲೀ. ಬಂತು. ಅಂದರೆ 317 ಮಿ.ಗ್ರಾಂ. ನೀಲಿ ಈಗ ಮೊದಲಿಗಿಂತ ತುಂಬಾ ಚೆನ್ನಾಗಿ ನಿಂತಿತು. ಜೆಲಾಟಿನ್ನೇ ಏನಾದರೂ ಆಟ ಆಡ್ತಿದೆಯಾ ಅಂತ ಕಿತ್ತಳೆ ರಸಕ್ಕೂ ಹಾಕಿದೆ, 7 ಇದ್ದದ್ದು 6.9 ಆಯಿತು ಅಷ್ಟೇ. ಗ್ಯಾಲಿಕ್ ಆಮ್ಲದಂಥ ಚಿಕ್ಕ ಅಣುಗಳನ್ನು ಜೆಲಾಟಿನ್ ಹಿಡಿಯಲ್ಲ, ಹಾಗಾಗಿ 317 ಕೂಡ ಸ್ವಲ್ಪ ಜಾಸ್ತಿಯೇ. 252ರ ಅಂಕಿ ನನಗೆ ನಂಬಿಕೆಗೆ ಹತ್ತಿರ ಅನ್ನಿಸೋದು ಈ ಕಾರಣಕ್ಕೆ.

ನೆಲ್ಲಿಕಾಯಿಯ ವಿಟಮಿನ್ ಸಿ ಬೇಯಿಸಿದರೂ ಹಾಳಾಗಲ್ಲ ಅನ್ನೋ ಇನ್ನೊಂದು ಮಾತಿದೆ. ಮೂರೂ ರಸಗಳನ್ನು ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ 15 ನಿಮಿಷ ಕುದಿಸಿದೆ. ಆವಿಯಾದಷ್ಟು ನೀರನ್ನು ಮತ್ತೆ ಸೇರಿಸಿ ಮೊದಲಿನ ಮಟ್ಟಕ್ಕೆ ತಂದೆ, ಇದನ್ನು ಮರೆತರೆ ರಸ ಗಟ್ಟಿಯಾಗಿ ಅಂಕಿ ಸುಮ್ನೆ ಏರಿಬಿಡುತ್ತದೆ. ಕಿತ್ತಳೆ 7ರಿಂದ 6.1ಕ್ಕೆ ಇಳಿಯಿತು. ನೆಲ್ಲಿ 6.6ರಿಂದ 6.2. ನೋಡಿದರೆ ಮಾತು ನಿಜ ಅನ್ನಿಸುತ್ತದೆ! ಆದರೆ ಜೆಲಾಟಿನ್ ಹಾಕಿ ಅಳೆದಾಗ 4.6 ಇದ್ದದ್ದು 4 ಆಗಿತ್ತು. ನೂರಕ್ಕೆ 13 ನಷ್ಟ, ಕಿತ್ತಳೆಯಷ್ಟೇ. ಕುದಿಸಿದಾಗ ಒಗರು ಹಾಗೇ ಉಳಿದು ಅಯೋಡಿನ್ ತಿನ್ನುತ್ತಾ ಇರುತ್ತದೆ, ಹೋದ ವಿಟಮಿನ್ ಸಿ ಅದರ ಮರೆಯಲ್ಲಿ ಕಾಣಲ್ಲ. ನಿಂಬೆ 5.5ರಿಂದ 4.9ಕ್ಕೆ ಬಂತು, ಅದೂ ಹೆಚ್ಚೂಕಮ್ಮಿ ಇದೇ ದಾರಿ. ಮೂರಕ್ಕೂ ಹುಳಿಯೇ ದೊಡ್ಡ ರಕ್ಷಣೆ, ಹುಳಿ ಇದ್ದಲ್ಲಿ ವಿಟಮಿನ್ ಸಿ ನಿಧಾನ ಹಾಳಾಗುತ್ತದೆ. ನೆಲ್ಲಿಯ ಟ್ಯಾನಿನ್ ಸ್ವಲ್ಪ ಕಾಪಾಡುತ್ತಿರಬಹುದು, ಆದರೆ 15 ನಿಮಿಷದ ಕುದಿತದಲ್ಲಿ ನನಗೆ ಆ ಲಾಭ ಕಾಣಲಿಲ್ಲ.

ಒಣಗಿಸಿದ ಪುಡಿಯಲ್ಲಿ ನಿರಾಸೆಯಾಯಿತು. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಎರಡು ದಿನ ಬಿಸಿಲಿಗೆ ಹಾಕಿದ್ದೆ, ಕಂದು ಬಣ್ಣಕ್ಕೆ ತಿರುಗಿತ್ತು. ಕಾಯಿಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ನೀರೇ ಇರೋದರಿಂದ ಒಂದು ಗ್ರಾಂ ಪುಡಿ ಐದು ಗ್ರಾಂ ಹಸಿ ಕಾಯಿಗೆ ಸಮ. ಏನೂ ಹಾಳಾಗದಿದ್ದರೆ ಜೆಲಾಟಿನ್ ನಂತರವೂ 15 ಮಿ.ಗ್ರಾಂ ದಾಟಬೇಕಿತ್ತು. ಸಿಕ್ಕಿದ್ದು ಮೂರೂವರೆ. ಒಗರು ಮಾತ್ರ ಪೂರ್ತಿ ಇತ್ತು.

ಇನ್ನು ಇಪ್ಪತ್ತು ಕಿತ್ತಳೆಯ ಲೆಕ್ಕ. ತೂಕಕ್ಕೆ ತೂಕ ಇಟ್ಟರೆ, 252ರ ಪ್ರಕಾರ ನೆಲ್ಲಿಕಾಯಿ ಕಿತ್ತಳೆಯ ಐದು ಪಟ್ಟು, ಇದು ನಿಜಕ್ಕೂ ದೊಡ್ಡ ಗೆಲುವು. ಆದರೆ ನಾವು ತಿನ್ನೋದು ತೂಕ ಅಲ್ಲ, ಹಣ್ಣು. ನನ್ನ ಕೈಗೆ ಸಿಕ್ಕ ಕಾಯಿಯಲ್ಲಿ ಬೀಜ ಬಿಟ್ಟು ತಿರುಳು 33 ಗ್ರಾಂ, ಅಂದರೆ ಸುಮಾರು 83 ಮಿ.ಗ್ರಾಂ ವಿಟಮಿನ್ ಸಿ. ಸಿಪ್ಪೆ ತೆಗೆದ ಕಿತ್ತಳೆ 130 ಗ್ರಾಂ ಇತ್ತು, ಅದರಲ್ಲಿ 65ರ ಆಸುಪಾಸು. ಒಂದು ನೆಲ್ಲಿಕಾಯಿಗೆ ಒಂದೂಕಾಲು ಕಿತ್ತಳೆ. ದೊಡ್ಡವರಿಗೆ ದಿನಕ್ಕೆ 65ರಿಂದ 90 ಮಿ.ಗ್ರಾಂ ಸಾಕು ಅಂತಿರುವಾಗ ಎರಡರಲ್ಲಿ ಯಾವುದಾದರೂ ಒಂದು ತಿಂದರೆ ದಿನದ ಬಹುಪಾಲು ಆಯಿತು. ನಿಂಬೆಯದ್ದು ಮಾತ್ರ ಹಿಂದೆ ಉಳಿಯಿತು: ಒಂದು ಹಣ್ಣು ಹಿಂಡಿದರೆ 30 ಮಿ.ಲೀ. ರಸ, ಅದರಲ್ಲಿ 11 ಮಿ.ಗ್ರಾಂ.