ಗುರುತು ಪದದ ಕೆಳಗೋ, ಅಂಚಿನಲ್ಲೋ?

ಕನ್ನಡ ಪ್ರಬಂಧ ತಿದ್ದಲು ಐದೇ ಗುರುತು ಸಾಕು: ಕಾ (ಕಾಗುಣಿತ), ಒ (ಒತ್ತಕ್ಷರ), ವಿ (ವಿಭಕ್ತಿ), ಲಿಂ (ಲಿಂಗ-ವಚನ), ? (ಅರ್ಥವಾಗಲಿಲ್ಲ). ಇಷ್ಟನ್ನು ಒಂದೇ ಪಾಠದಲ್ಲಿ ಕಲಿಸಬಹುದು. ಇಪ್ಪತ್ತು ಮಾಡಿದರೆ ಮೇಷ್ಟ್ರೇ ಮರೆಯುತ್ತಾರೆ!

‘ಮಕ್ಕಳು ಹೋಲಕ್ಕೆ ಹೋದನು’ ಎಂದು ಹುಡುಗ ಬರೆದಿದ್ದಾನೆ ಅನ್ನಿ. ‘ಹೋಲಕ್ಕೆ’ ಕೆಳಗೆ ಗೆರೆ ಎಳೆದು ‘ಕಾ’, ‘ಹೋದನು’ ಕೆಳಗೆ ‘ಲಿಂ’ ಎಂದು ಹಾಕಿದರೆ ತಪ್ಪಿನ ಜಾಗ ಗೊತ್ತಾಗುತ್ತದೆ. ಹೊಲಕ್ಕೆ, ಹೋದರು ಎಂದು ಬೇಗ ತಿದ್ದುತ್ತಾನೆ. ಆದರೆ ಆ ಪದಗಳನ್ನು ಬಿಟ್ಟು ಬೇರೇನೂ ಓದುವುದಿಲ್ಲ.

ಅದೇ ‘ಕಾ, ಲಿಂ’ ಅಂಚಿನಲ್ಲಿದ್ದರೆ ಇಡೀ ಸಾಲು ಓದಿ ಹುಡುಕಬೇಕು. ಕಲಿಕೆ ಇಲ್ಲೇ ಜಾಸ್ತಿ. ಅಪಾಯವೂ ಇದೆ: ಕಾಗುಣಿತ ಗಟ್ಟಿಯಿಲ್ಲದವರು ಸರಿಯಿದ್ದ ಪದವನ್ನೇ ಸುಮ್ನೆ ಕೆಡಿಸುತ್ತಾರೆ. ಹಾಗಾದರೆ ಅವರಿಗೆ ಪದದ ಕೆಳಗೇ ಹಾಕಿ. ಉಳಿದವರಿಗೆ ಅಂಚೇ ಸರಿ, ‘?’ ಒಂದನ್ನು ಬಿಟ್ಟು. ಅರ್ಥ ಎಲ್ಲಿ ತಪ್ಪಿತೆಂದು ಬರೆದವನಿಗೆ ಕಾಣುವುದಿಲ್ಲ ಅಲ್ವಾ?