ಡೈನಮಿಕ್ ಡಿಸ್ಕೋ, ಫಿಕ್ಸ್‌ಡ್ ಡಿಸ್ಕೋ: ಅಡತಿ ಅಂಗಡಿಯ ಲೆಕ್ಕದ ಯಂತ್ರದಲ್ಲಿ ಮೂರೂವರೆ ವರ್ಷ

ಕಲಬುರಗಿಯ ಗಂಜ್ ಪ್ರದೇಶದಲ್ಲಿರುವ ನಮ್ಮ ಅಡತಿ ಅಂಗಡಿಯ ಲೆಕ್ಕದ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಉಬುಂಟು ಇರುವುದರಿಂದ, ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಯಂತ್ರವನ್ನು ತಂತ್ರಾಂಶದಿಂದಲೇ ನಡೆಸುವ ವರ್ಚುವಲ್‌ಬಾಕ್ಸ್‌ನೊಳಗೆ ಮೂರೂವರೆ ವರ್ಷಗಳಿಂದ ವಿಂಡೋಸ್ ಹಾಕಿಕೊಂಡು ಕೆಲಸ ಸಾಗಿಸುತ್ತಿದ್ದೇನೆ. ಕಂಪ್ಯೂಟರಿನಲ್ಲಿರುವುದು 500 ಜಿಬಿಯ ಹಳೆಯ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಲ್ಲ. ಮುಂದೆ ಹೇಳುವ ವೇಗದ ಮಾತುಗಳನ್ನು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಮೊದಲಿಗೆ ನಾನು ಆರಿಸಿಕೊಂಡದ್ದು 100 ಜಿಬಿಯ ಡೈನಮಿಕ್ ಡಿಸ್ಕ್. ವಿಂಡೋಸ್‌ಗೆ 100 ಜಿಬಿ ಇದೆಯೆಂದು ತೋರಿದರೂ ಉಬುಂಟುವಿನಲ್ಲಿ ಆ ಡಿಸ್ಕಿನದೆಲ್ಲವನ್ನೂ ಹಿಡಿದಿಡುವ ವಿಡಿಐ ಕಡತ ಚಿಕ್ಕದಾಗಿಯೇ ಹುಟ್ಟುತ್ತದೆ. ಒಳಗೆ ಹೊಸ ಜಾಗದಲ್ಲಿ ಏನಾದರೂ ಬರೆದಾಗ ಒಂದೊಂದು ಎಂಬಿಯ ತುಂಡುಗಳಾಗಿ ಬೆಳೆಯುತ್ತದೆ. ಬೆಳೆದದ್ದು ತಾನಾಗಿ ಕುಗ್ಗುವುದಿಲ್ಲ. ವಿಂಡೋಸ್‌ನಲ್ಲಿ ಕಡತವೊಂದನ್ನು ಅಳಿಸಿದರೆ ಆ ಜಾಗ ಖಾಲಿಯೆಂದು ವಿಂಡೋಸ್ ತನ್ನ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ, ಆದರೆ ಆ ಸುದ್ದಿ ಹೊರಗಿನ ವಿಡಿಐಗೆ ಮುಟ್ಟುವುದಿಲ್ಲ. ಅಪ್‌ಡೇಟ್‌ಗಳು ಬಂದು ಹೋಗಿ, ಮೂರನೆಯ ವರ್ಷದ ಹೊತ್ತಿಗೆ ಒಳಗೆ ಬಳಕೆಯಾಗಿದ್ದುದು 38 ಜಿಬಿ, ಹೊರಗಿನ ಕಡತ 91 ಜಿಬಿ.

ಡಿಸೆಂಬರಿನಲ್ಲಿ ಹೊಸ ತೊಗರಿಯ ಆವಕ ಜೋರಾಗಿದ್ದ ಒಂದು ಮಧ್ಯಾಹ್ನ, ಪಟ್ಟಿ ಬರೆಯುತ್ತಿದ್ದಂತೆಯೇ ಯಂತ್ರ ನಿಂತಿತು. ಪರದೆಯ ಮೇಲೆ `DrvVD_DISKFULL` ಎಂಬ ಸಂದೇಶವಿತ್ತು. ವಿಂಡೋಸ್‌ನೊಳಗೆ 60 ಜಿಬಿ ಖಾಲಿಯಿದ್ದರೂ, ಉಬುಂಟುವಿನ ಡಿಸ್ಕನ್ನು ನಾನೇ ಬೇರೆ ಕಡತಗಳಿಂದ ತುಂಬಿಬಿಟ್ಟಿದ್ದೆ. ಪುಣ್ಯಕ್ಕೆ ವರ್ಚುವಲ್‌ಬಾಕ್ಸ್ ಇಂಥ ಹೊತ್ತಿನಲ್ಲಿ ಯಂತ್ರವನ್ನು ಕೆಡವದೆ ತಡೆದು ನಿಲ್ಲಿಸುತ್ತದೆ. ಹಳೆಯ ಕಡತಗಳನ್ನು ಅಳಿಸಿ ಮುಂದುವರಿಸಿದಾಗ ಒಂದು ಪಟ್ಟಿಯೂ ಕಳೆದಿರಲಿಲ್ಲ.

ಆ ವಾರವೇ ಕಡತವನ್ನು ಕುಗ್ಗಿಸಿದೆ. ಮೊದಲು ಬ್ಯಾಕಪ್ ತೆಗೆದು, ಯಂತ್ರದ ಆಯಾ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ, ವಿಂಡೋಸ್‌ನೊಳಗೆ ಮೈಕ್ರೋಸಾಫ್ಟ್‌ನ sdelete ಸಲಕರಣೆಯಿಂದ ಕೆಳಗಿನ ಮೊದಲ ಆಜ್ಞೆ ಕೊಟ್ಟು ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಬೇಕು. ಬಳಿಕ ವಿಂಡೋಸನ್ನು ಪೂರ್ತಿ ಮುಚ್ಚಿ, ಉಬುಂಟುವಿನಿಂದ ಎರಡನೆಯ ಆಜ್ಞೆಯನ್ನು ಕೊಡಬೇಕು.

```
sdelete -z C:
VBoxManage modifymedium disk lekka.vdi --compact
```

ಸೊನ್ನೆ ತುಂಬುವ ಹೆಜ್ಜೆಯನ್ನು ಬಿಟ್ಟರೆ ಎರಡನೆಯ ಆಜ್ಞೆ ಓಡಿದರೂ ಕಡತ ಕುಗ್ಗಿದಂತೆ ಕಾಣುವುದಿಲ್ಲ, ಏಕೆಂದರೆ ಪೂರ್ತಿ ಸೊನ್ನೆಯಿರುವ ತುಂಡುಗಳನ್ನು ಮಾತ್ರ ಅದು ಕೈಬಿಡುತ್ತದೆ. ನನ್ನ ಕಡತ 91ರಿಂದ 41 ಜಿಬಿಗೆ ಇಳಿಯಿತು.

ಮತ್ತೆ ಅದೇ ಪಾಡು ಬೇಡವೆಂದು ಫಿಕ್ಸ್‌ಡ್ ಡಿಸ್ಕಿಗೆ ಬದಲಾಯಿಸಿದೆ. ಇದರಲ್ಲಿ 100 ಜಿಬಿಯೂ ಮೊದಲ ದಿನವೇ ಮೀಸಲಾಗುತ್ತದೆ.

```
VBoxManage clonemedium disk lekka.vdi lekka-fixed.vdi --variant Fixed
```

ನಕಲು ಮುಗಿಯಲು ಸುಮಾರು 20 ನಿಮಿಷ ಹಿಡಿಯಿತು. ಹೊಸ ಡಿಸ್ಕನ್ನು ಯಂತ್ರಕ್ಕೆ ಜೋಡಿಸಿದ ಮೇಲೆ, ಮೊದಲು 2 ನಿಮಿಷ 40 ಸೆಕೆಂಡು ತೆಗೆದುಕೊಳ್ಳುತ್ತಿದ್ದ ವಿಂಡೋಸ್ 1 ನಿಮಿಷ 50 ಸೆಕೆಂಡಿನಲ್ಲಿ ತೆರೆಯಿತು. ಇದು ಫಿಕ್ಸ್‌ಡ್‌ನ ಮಹಿಮೆಯೆಂದೇ ನಂಬಿ ನಾಲ್ಕು ಜನರಿಗೆ ಹೇಳಿಯೂ ಆಗಿತ್ತು. ಆದರೆ ಅನುಮಾನ ಹೋಗದೆ, ಅದೇ ಹಳೆಯ ಡಿಸ್ಕನ್ನು ಇನ್ನೊಂದು ಡೈನಮಿಕ್ ಕಡತಕ್ಕೆ ನಕಲು ಮಾಡಿ ನೋಡಿದಾಗ ಅದೂ 1 ನಿಮಿಷ 55 ಸೆಕೆಂಡಿನಲ್ಲಿ ತೆರೆಯಿತು. ಡೈನಮಿಕ್ ಕಡತದಲ್ಲಿ ತುಂಡುಗಳು ಮೊದಲು ಬರೆಯಲ್ಪಟ್ಟ ಕ್ರಮದಲ್ಲಿ ಕೂರುತ್ತವೆ, ಕಡತವೂ ವರ್ಷಗಟ್ಟಲೆ ಚೂರುಚೂರಾಗಿ ಬೆಳೆದು ಡಿಸ್ಕಿನ ಮೇಲೆ ಚದುರಿರುತ್ತದೆ. ಹಾರ್ಡ್ ಡಿಸ್ಕಿನ ಮುಳ್ಳು ಅವನ್ನು ಹುಡುಕುತ್ತ ಓಡಾಡಬೇಕು. ಹೊಸದಾಗಿ ನಕಲು ಮಾಡಿದಾಗ ಎಲ್ಲವೂ ಸಾಲಾಗಿ ಕೂತವು, ಗಳಿಸಿದ ವೇಗದ ಬಹುಪಾಲು ಅಲ್ಲಿಯದು. ಫಿಕ್ಸ್‌ಡ್‌ನ ಸ್ವಂತ ಲಾಭ ಕಂಡದ್ದು ಹೊಸ ಜಾಗದಲ್ಲಿ ಮೊದಲ ಬಾರಿ ಬರೆಯುವಾಗ: 5 ಜಿಬಿಯ ಕಡತವೊಂದಕ್ಕೆ ಡೈನಮಿಕ್‌ನಲ್ಲಿ 70 ಸೆಕೆಂಡು, ಫಿಕ್ಸ್‌ಡ್‌ನಲ್ಲಿ 55. ಹಾಗಾಗಿ ಕೇವಲ ವೇಗದ ಆಸೆಗೆ 60 ಜಿಬಿ ಕೊಡುವುದು ನನ್ನ ಲೆಕ್ಕದಲ್ಲಿ ನಷ್ಟದ ವ್ಯಾಪಾರ, ನಡುವೆ ಜಾಗ ಮುಗಿಯಬಾರದೆಂಬ ಖಾತರಿಗೆ ಕೊಡುವುದು ಸರಿಯಾದ ಬೆಲೆ.

ಆ ಖಾತರಿಗೂ ಒಂದು ತೂತಿದೆ ಎಂಬುದು ಆರು ತಿಂಗಳ ಮೇಲೆ ತಿಳಿಯಿತು. ಅಪ್‌ಡೇಟ್‌ಗೆ ಮುಂಚೆ ಸ್ನ್ಯಾಪ್‌ಶಾಟ್ ತೆಗೆದು ಮರೆತಿದ್ದೆ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಫಿಕ್ಸ್‌ಡ್ ಕಡತಕ್ಕೆ ಬರೆಯುವುದು ನಿಂತು, ಹೊಸ ಬದಲಾವಣೆಗಳೆಲ್ಲ `Snapshots` ಫೋಲ್ಡರಿನ ಬೇರೊಂದು ಕಡತಕ್ಕೆ ಹೋಗುತ್ತವೆ. ಆ ಕಡತ ಯಾವಾಗಲೂ ಡೈನಮಿಕ್. ಮೀಸಲಿಟ್ಟ 100 ಜಿಬಿ ಹಾಗೆಯೇ ಇರಲು, ಪಕ್ಕದಲ್ಲಿ 27 ಜಿಬಿಯ ಕಡತವೊಂದು ಬೆಳೆದು ನಿಂತಿತ್ತು. ಸ್ನ್ಯಾಪ್‌ಶಾಟನ್ನು ಅಳಿಸಿದಾಗ ಅದು ಮೂಲ ಕಡತದಲ್ಲಿ ಸೇರಿಕೊಂಡು ಜಾಗ ಮರಳಿತು.

ಫಿಕ್ಸ್‌ಡ್‌ನ ಇನ್ನೊಂದು ಕಿರಿಕಿರಿ ಬ್ಯಾಕಪ್. ಒಳಗೆ 40 ಜಿಬಿ ಇದ್ದರೂ ಶನಿವಾರ ಸಂಜೆ ಹೊರಗಿನ ಡಿಸ್ಕಿಗೆ ಪೂರ್ತಿ 100 ಜಿಬಿಯನ್ನು ನಕಲಿಸುತ್ತ ಕೂರಬೇಕು. ಆದರೂ ಲೆಕ್ಕದ ಯಂತ್ರಕ್ಕೆ ಅದನ್ನೇ ಉಳಿಸಿಕೊಂಡಿದ್ದೇನೆ, ಸ್ನ್ಯಾಪ್‌ಶಾಟ್ ತೆಗೆದರೆ ಮರುದಿನವೇ ಅಳಿಸುತ್ತೇನೆ. ಹೊಸ ತಂತ್ರಾಂಶಗಳನ್ನು ಪರೀಕ್ಷಿಸಲು ಇಟ್ಟುಕೊಂಡಿರುವ ಇನ್ನೆರಡು ಯಂತ್ರಗಳು ಡೈನಮಿಕ್‌ನಲ್ಲೇ ಇವೆ; ಎರಡೂ ಸೇರಿ ಇಂದಿಗೆ 33 ಜಿಬಿ.